ತಾನಾಗಿ ಆಗುವ ರೀಚಾರ್ಜು

ಟೈಲರನಿಗೆ ಕೈಯಲ್ಲಿ ಕಲೆಯಿತ್ತು, ಮಾತಿನಲ್ಲಿ ಗಡುವಿರಲಿಲ್ಲ. ಮಂಗಳವಾರ ಎಂದರೆ ಶುಕ್ರವಾರ, ಶುಕ್ರವಾರ ಎಂದರೆ ದೇವರೇ ಬಲ್ಲ. ಗಿರಾಕಿಗಳು ರೇಗಿದಾಗ ಅವನ ಬಳಿ ಒಂದೇ ಒಂದು ಬ್ರಹ್ಮಾಸ್ತ್ರ: "ಅಯ್ಯೋ, ಫೋನ್ ಮಾಡಿ ಹೇಳೋಣಾಂದ್ರೆ ರೀಚಾರ್ಜ್ ಮುಗಿದ್ಹೋಗಿತ್ತು ಸಾರ್!"

ಆ ಮಾತು ಪೂರ್ತಿ ಸುಳ್ಳೇನೂ ಆಗಿರಲಿಲ್ಲ. ಪ್ಯಾಕು ಮುಗಿಯುವುದನ್ನು ಅವನು ಹಬ್ಬದಂತೆ ಕಾಯುತ್ತಿದ್ದ. ಮುಗಿದ ಮೇಲೆ ಹೋಗುವ ಕರೆ ನಿಲ್ಲುತ್ತಿತ್ತು. ಇನ್ನೂ ಕೆಲವು ದಿನ ಸುಮ್ಮನಿದ್ದರೆ ಬರುವ ಕರೆಯೂ ನಿಲ್ಲುತ್ತಿತ್ತು. ಆಗ ಅಂಗಡಿಯಲ್ಲಿ ಮಿಷನ್ನಿನ ಸದ್ದು ಬಿಟ್ಟರೆ ಬೇರೆ ಸದ್ದೇ ಇಲ್ಲ. ಫೋನು ಸ್ವಿಚ್ ಆಫ್ ಮಾಡಿದರಾಗದೆ ಎಂದು ಯಾರಾದರೂ ಕೇಳಬಹುದು. ಅವನ ಧರ್ಮಶಾಸ್ತ್ರ ಬೇರೆ: ಸ್ವಿಚ್ ಆಫ್ ಮಾಡುವುದು ಕಳ್ಳತನ, ರೀಚಾರ್ಜ್ ಮುಗಿಯುವುದು ವಿಧಿ.

ಈ ವಿಧಿಗೆ ಕಲ್ಲು ಹಾಕಿದವಳು ಹೆಂಡತಿ. ಅವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರೋಗಿಗಳಿಗೆ ಸರದಿ ಕೊಡುವವಳು. ಗಂಡನ ಫೋನು ಸತ್ತಾಗಲೆಲ್ಲ ಅವನ ಗಿರಾಕಿಗಳು ಅವಳಿಗೆ ಫೋನ್ ಮಾಡಿ, "ಮೇಡಂ, ನಮ್ ಪ್ಯಾಂಟು?" ಎನ್ನುವರು. ಎದುರಿಗೆ ದವಡೆ ಹಿಡಿದು ನರಳುವವರು, ಕಿವಿಯಲ್ಲಿ ಪ್ಯಾಂಟು. ಒಂದು ದಿನ ರೋಸಿಹೋಗಿ ತನ್ನ ಪೇಮೆಂಟ್ ಆ್ಯಪಿನಲ್ಲಿ ಗಂಡನ ನಂಬರಿಗೆ ಆಟೋಪೇ ಹಾಕಿಬಿಟ್ಟಳು. ಅಂದಿನಿಂದ ಪ್ಯಾಕು ಮುಗಿಯುವ ಹೊತ್ತಿಗೆ ಅವಳ ಖಾತೆಯಿಂದ ದುಡ್ಡು ತಾನಾಗಿ ಹೋಗಿ ಇವನ ಫೋನಿಗೆ ಮರುಜನ್ಮ.

ಬೇರೆ ಕಾಲವಾಗಿದ್ದರೆ ಅವನು ಹೇಗೋ ಸಹಿಸಿಕೊಳ್ಳುತ್ತಿದ್ದ. ಆದರೆ ಈ ಸಲ ಫೋನ್ ಮಾಡುತ್ತಿದ್ದುದು ಮಾವ.

ಮಾವ ರೈಲಿನ ಗಾರ್ಡ್ ಆಗಿದ್ದು ನಿವೃತ್ತರಾದವರು. ಬೀಳ್ಕೊಡುಗೆಯಲ್ಲಿ ಜೊತೆಗಾರರೆಲ್ಲ ಸೇರಿ ಬೂದು ಬಣ್ಣದ ಸೂಟಿನ ಬಟ್ಟೆ ಕೊಟ್ಟಿದ್ದರು. ಕಿರಿಮಗಳ ಮದುವೆಗೆ ಅದೇ ಸೂಟು ಹಾಕಬೇಕೆಂದು ಅಳಿಯನ ಕೈಗಿಟ್ಟಿದ್ದರು. "ಬೇರೆಯವರಿಗೆ ಕೊಡೋಕೆ ಮನಸ್ಸು ಬರ್ಲಿಲ್ಲ ಅಳಿಯಂದ್ರೆ" ಎಂದಿದ್ದರು. ಆ ಒಂದು ಮಾತು ಟೈಲರನ ಎದೆಯಲ್ಲಿ ಸೂಜಿಯಂತೆ ನಿಂತಿತ್ತು. ಯಾಕೆಂದರೆ ಅವನು ತೋಳಿನ ಬಟ್ಟೆಯನ್ನು ಜೋಡಿ ಮಡಿಸದೆ ಒಂಟಿ ಪದರದಲ್ಲಿ ಹಾಸಿ, ಕಾಗದದ ಅಚ್ಚನ್ನು ಮಗುಚದೆ ಎರಡು ಸಲ ಗೀಚಿ, ಎರಡು ಸಲ ಕತ್ತರಿಸಿದ್ದ. ಬಟ್ಟೆಗೋ ಒಂದು ಕಡೆ ಮಾತ್ರ ಮುಖ, ತಿರುಗಿಸಿ ಹೊಲಿಯುವಂತಿಲ್ಲ. ಈಗ ಕೋಟಿಗೆ ಎರಡೂ ಎಡಗೈ.

ಪ್ಯಾಂಟಿನ ಬಟ್ಟೆ ಇನ್ನೂ ಮಡಿಕೆ ಬಿಚ್ಚದೆ ಇತ್ತು. ಬಲಗೈ ತೋಳಿಗಾಗಿ ಅದನ್ನು ಮುಟ್ಟಲು ಮಾವನ ಅಪ್ಪಣೆ ಬೇಕು. ಅಪ್ಪಣೆ ಕೇಳಲು ತಪ್ಪು ಹೇಳಬೇಕು. ತಪ್ಪು ಹೇಳಲು ಧೈರ್ಯ ಬೇಕು. ಧೈರ್ಯ ಬರುವ ತನಕ ಫೋನು ಸತ್ತಿರಬೇಕು.

ಅವನು ತನ್ನ ಫೋನಿನ ಆ್ಯಪ್ ತೆಗೆದು ಆಟೋಪೇ ಎಂಬ ಕಡೆ ಹುಡುಕಿದ. ಅಲ್ಲಿ ಏನೂ ಇರಲಿಲ್ಲ. ಎಲ್ಲೋ ಅಡಗಿದೆ ಎಂದುಕೊಂಡು ಆ್ಯಪನ್ನೇ ಅಳಿಸಿಹಾಕಿದ. ಬೇರು ಕಿತ್ತ ಮೇಲೆ ಮರ ಎಲ್ಲಿ ಎಂದು ಆ ರಾತ್ರಿ ನೆಮ್ಮದಿಯಾಗಿ ಮಲಗಿದ. ಬೆಳಿಗ್ಗೆ ಎದ್ದರೆ ಮೆಸೇಜು: ರೀಚಾರ್ಜ್ ಯಶಸ್ವಿಯಾಗಿದೆ. ಅದರ ಹಿಂದೆಯೇ ಮಾವನ ಮಿಸ್ಡ್ ಕಾಲ್.

ಸಂಜೆ ಹೆಂಡತಿ ಅಡುಗೆಮನೆಯಲ್ಲಿದ್ದಾಗ, ಮೇಜಿನ ಮೇಲಿದ್ದ ಅವಳ ಫೋನು ಎತ್ತಿಕೊಂಡ. ಹೋಮ್‌ವರ್ಕ್ ಬರೆಯುತ್ತಿದ್ದ ಮಗಳು ತಲೆ ಎತ್ತಿದಳು.

"ಅಪ್ಪ, ಅದು ಅಮ್ಮನ ಫೋನು."

"ಗೊತ್ತು ಕಣೇ. ಟೈಮ್ ನೋಡ್ತಿದೀನಿ."

"ಗೋಡೆ ಮೇಲಿದ್ಯಲ್ಲ."

"ನೀನು ಬರಿ."

ಈ ಸಲ ಸಿಕ್ಕಿತು. ಆಟೋಪೇ ಪಟ್ಟಿಯಲ್ಲಿ ಅವನದೇ ನಂಬರು, ಪಕ್ಕದಲ್ಲಿ ಹಸಿರು ಚುಕ್ಕೆ. ತಾತ್ಕಾಲಿಕವಾಗಿ ತಡೆಯಿರಿ, ರದ್ದುಮಾಡಿ ಎಂದು ಎರಡು ದಾರಿ. ರದ್ದುಮಾಡಿ ಒತ್ತಿದ. ಯುಪಿಐ ಪಿನ್ ಕೇಳಿತು. ಮದುವೆಯ ತಾರೀಖೋ, ಮಗಳು ಹುಟ್ಟಿದ ತಾರೀಖೋ ಎಂದು ಯೋಚಿಸುತ್ತ ಬೆರಳು ಗಾಳಿಯಲ್ಲಿ ನಿಂತಿತು.

"ಎರಡೂ ಅಲ್ಲ" ಎಂದಳು ಹೆಂಡತಿ, ಬೆನ್ನ ಹಿಂದಿನಿಂದ.

ಅವನ ಕೈಯಿಂದ ಫೋನು ಜಾರಿತು. ಅವಳು ಗಿಡದಿಂದ ಹಣ್ಣು ಕಿತ್ತಷ್ಟು ಸಲೀಸಾಗಿ ಹಿಡಿದಳು.

"ಏನ್ರೀ ಇದು, ಸ್ವಂತ ಮನೇಲೇ ಕನ್ನ?"

"ಅದು... ನಿನ್ ದುಡ್ಡು ಸುಮ್ನೆ ಹೋಗ್ತಿದ್ಯಲ್ಲಾಂತ..."

"ಅಬ್ಬಾ! ನನ್ ದುಡ್ಡಿನ ಮೇಲೆ ಇಷ್ಟು ಕಾಳಜಿ ಇರೋ ಗಂಡ ಯಾರಿಗ್ ಸಿಗ್ತಾನೆ? ನಿಮ್ ಆ್ಯಪಲ್ಲಿ ಹುಡುಕ್ಲಿಲ್ವಾ?"

"ಹುಡುಕ್ದೆ. ಅಳಿಸ್ದೆ."

"ಅಳಿಸಿದ್ರಾ!" ಅವಳಿಗೆ ನಗು ತಡೆಯಲಾಗಲಿಲ್ಲ. "ನನ್ ಅಕೌಂಟಿಂದ ಹೋಗೋದನ್ನ ನಿಮ್ ಫೋನಲ್ಲಿ ಅಳಿಸಿದ್ರೆ ನಿಲ್ಲುತ್ತಾ? ನನ್ ಆ್ಯಪ್ ಅಳಿಸಿದ್ರೂ ನಿಲ್ತಿರ್ಲಿಲ್ಲ. ಪಟ್ಟಿಗೆ ಹೋಗಿ, ರದ್ದು ಮಾಡಿ, ಪಿನ್ ಹಾಕ್ಬೇಕು. ಕೊಡೋಳು ನಾನು, ನಿಲ್ಲಿಸೋಳೂ ನಾನೇ."

"ಹಾಗಾದ್ರೆ ನಿಲ್ಸೇ, ದಮ್ಮಯ್ಯ."

ಅವಳು ಅವನ ಮುಖವನ್ನೇ ನೋಡಿದಳು. ತಮಾಷೆ ಅಲ್ಲ ಎಂದು ತಿಳಿಯಿತೇನೋ, ಪಿನ್ ಒತ್ತಿದಳು. ಆಟೋಪೇ ರದ್ದಾಗಿದೆ ಎಂದು ಪರದೆ ಹೇಳಿತು. ಟೈಲರ್ ಉಸಿರು ಬಿಟ್ಟ, ಕುರ್ಚಿಗೆ ಒರಗಿದ.

"ಹಾಗಾದ್ರೆ ಇವತ್ತಿಂದ ಬಂದ್."

"ಏನು ಬಂದ್?"

"ಫೋನು."

"ಅಯ್ಯೋ ರಾಮ! ಬಂದ್ ಆಗೋದು ಮುಂದಿನ ಸಲದ ದುಡ್ಡು. ನಿನ್ನೇನೇ ನನಗೆ ಮೆಸೇಜ್ ಬಂದಿತ್ತು, ನಾಳೆ ಕಟ್ ಆಗುತ್ತೆ ಅಂತ. ಇವತ್ ಬೆಳಿಗ್ಗೆ ಕಟ್ ಆಗಿದೆ. ಈ ಪ್ಯಾಕು ಮುಗಿಯೋ ತನಕ ಫೋನು ಗಟ್ಟಿಮುಟ್ಟಾಗಿರುತ್ತೆ."

"ಮದುವೆ ಮುಗಿಯೋ ತನಕಾನಾ?"

"ಮದುವೆ ಮುಗಿದು, ಹುಡುಗಿ ಗಂಡನ ಮನೆಗೆ ಹೋಗಿ, ಮೊದಲ್ನೇ ಜಗಳ ಆಡೋ ತನಕ." ಅವಳು ತಟ್ಟನೆ ನಿಂತಳು. "ಮದುವೆಗೂ ಫೋನಿಗೂ ಏನ್ರೀ ಸಂಬಂಧ? ಅಪ್ಪನ ಕೋಟಿಗೆ ಏನ್ ಮಾಡಿದ್ರಿ?"

ಅವನು ಬಾಯಿ ತೆರೆಯುವಷ್ಟರಲ್ಲಿ ಮೇಜಿನ ಮೇಲಿದ್ದ ಅವನ ಫೋನು ರಿಂಗಾಯಿತು. ಮಾವ. ಮಗಳು ಇಣುಕಿ ನೋಡಿ, "ತಾತ!" ಎಂದು ಎತ್ತಿ, ಸ್ಪೀಕರಿಗೆ ಹಾಕಿ ಅಪ್ಪನ ಮುಂದೆ ಇಟ್ಟಳು.

"ಅಳಿಯಂದ್ರೆ, ಕೋಟು ಎಲ್ಲಿಗೆ ಬಂತು?"

ರೀಚಾರ್ಜ್ ಇದೆ. ಸಿಗ್ನಲ್ ಇದೆ. ಹೆಂಡತಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಾಳೆ. ಟೈಲರ್ ಕಣ್ಣು ಮುಚ್ಚಿಕೊಂಡ.

"ಮಾವ, ತಪ್ಪಾಗಿದೆ. ತೋಳು ಕತ್ತರಿಸೋವಾಗ ಎರಡೂ ಎಡಗೈಗೇ ಕತ್ತರಿಸ್ಬಿಟ್ಟೆ. ಹೇಳೋಕ್ ಮುಖ ಇಲ್ದೆ ಫೋನ್ ಎತ್ತಿರ್ಲಿಲ್ಲ."

ಟೈಲರನ ಕಿವಿಯಲ್ಲಿ ರೈಲೊಂದು ಹೋದ ಹಾಗಾಯಿತು.

"ಎರಡೂ ಎಡಗೈಯಾ?"

"ಹೌದು ಮಾವ."

"ಹಾಗಾದ್ರೆ ಬಂದೋರಿಗೆ ಎಡಗೈಯಲ್ಲೇ ಊಟ ಬಡಿಸ್ಬೇಕಾ ನಾನು?"

ಹೆಂಡತಿ ಸೆರಗು ಬಾಯಿಗಿಟ್ಟುಕೊಂಡಳು. ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಪ್ಯಾಂಟಿನ ಬಟ್ಟೆ ಹಾಗೇ ಇದೆ ಮಾವ. ನೀವು ಹೂಂ ಅಂದ್ರೆ ಅದ್ರಲ್ಲಿ ಬಲಗೈ ತೆಗೀಬಹುದು. ಆದ್ರೆ ಆಮೇಲೆ ಪ್ಯಾಂಟಾಗಲ್ಲ."

"ಹೂಂ. ನನ್ ಹಳೇ ಕಪ್ಪು ಪ್ಯಾಂಟಿದೆ. ಮದುವೆ ಮನೇಲಿ ನನ್ ಕಾಲು ನೋಡೋಕೆ ಯಾರಿಗ್ ಪುರುಸೊತ್ತು? ಇಷ್ಟಕ್ಕೆ ಇಷ್ಟು ದಿನ ತಲೆ ಮರೆಸ್ಕೊಂಡ್ರಾ? ನಾನು ಅಳಿಯಂದ್ರ ಮೈಗೆ ಹುಷಾರಿಲ್ವೇನೋಂತ ಹೆದ್ರಿದ್ದೆ."

ಟೈಲರ್ ಫೋನನ್ನು ಹತ್ತಿರ ಎಳೆದುಕೊಂಡ. "ನಾಳೇನೇ ಕತ್ತರಿಸ್ತೀನಿ ಮಾವ."

"ಕತ್ತರಿಸಿ. ಬೆಳಿಗ್ಗೆ ಅಂಗಡಿಗೆ ನಾನೂ ಬರ್ತೀನಿ. ನೀವು ಕತ್ತರಿ ಎತ್ತಿದ ಕೂಡ್ಲೆ ನನ್ ಬಲಗೈ ಎತ್ತಿ ತೋರಿಸ್ತೀನಿ. ಅದನ್ನ ನೋಡ್ಕೊಂಡು ಕತ್ತರಿಸೋರಂತೆ."