ಓದಿಸದೆ ಒತ್ತಿದ ಹೆಬ್ಬೆಟ್ಟು

ಓದಿಸದೆ ಹೆಬ್ಬೆಟ್ಟು ಒತ್ತಬಾರದೆಂದು ದೇವಾಪುರದ ನಾಟಿ ಹೆಂಗಸರಿಗೆ ಕಲಿಸಿದವಳೇ ದೇವಕಮ್ಮ. ಕಾಲುವೆ ನೀರು ಬಂದು ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾದ ಮೇಲೆ, ಕೆಸರಿನಲ್ಲಿ ಬಗ್ಗಿದ ಆ ಸಾಲಿಗೆ ಅವಳೇ ಮುಂದಾಳು. ಗುತ್ತಿಗೆದಾರ ಕೂಲಿಯ ಕಾಗದ ತಂದು ಚಾಚಿದರೆ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು, "ಮ್ಯಾಲಿಂದ ಕೆಳಗಿನತನಕ ಓದ್ರಿ ಸಾವ್ಕಾರ. ಎಲ್ಲಾರಿಗೂ ಕೇಳೂ ಹಂಗ ಓದ್ರಿ" ಎನ್ನುತ್ತಿದ್ದಳು.

"ನನ್ನ ಮ್ಯಾಲ ನಂಬಿಕಿ ಇಲ್ಲೇನಬೇ?"

"ನಂಬಿಕಿ ಬ್ಯಾರೆ, ಹೆಬ್ಬಟ್ಟು ಬ್ಯಾರೆ."

ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಸಾವ್ಕಾರ ಕೆಮ್ಮಿ, ಕನ್ನಡಕ ಒರೆಸಿ, ಓದುತ್ತಿದ್ದ. ಓದುವಾಗ ಅವನ ನಾಲಿಗೆ ಎಲ್ಲಿ ಎಡವುತ್ತದೆಂದು ದೇವಕಮ್ಮ ಕಾಯುತ್ತಿದ್ದಳು. ಎಡವಿದ ಕಡೆಯೇ ಮೋಸ ಇರುತ್ತಿತ್ತು.

ಅಂಥವಳು ಓದಿಸದೆ ಹೆಬ್ಬೆಟ್ಟು ಒತ್ತಿದ್ದು ಒಂದೇ ಒಂದು ಕಾಗದಕ್ಕೆ. ಅದನ್ನು ಬರೆದವಳು ಸಪ್ನಾ.

ಸಪ್ನಾ ಅದೇ ಓಣಿಯ ಹುಡುಗಿ. ಅವಳ ತಾಯಿ ದೇವಕಮ್ಮನ ಪಕ್ಕದಲ್ಲೇ ಸಸಿ ನೆಟ್ಟವಳು. ನರ್ಸಿಂಗ್ ಓದಲು ಹೋದ ಹುಡುಗಿಗೆ ಹಾಸ್ಟೆಲಿನಲ್ಲಿ ಜಾಗವಿಲ್ಲವೆಂದಾಗ ದೇವಕಮ್ಮ ಇಡೀ ಗುಂಪನ್ನು ಕರೆದೊಯ್ದು ಸುರಪುರದ ಕಚೇರಿ ಮುಂದೆ ಕೂಡಿಸಿದ್ದಳು. ಜಾಗ ಸಿಕ್ಕಿತು, ಓದು ಮುಗಿಯಿತು. ಈಗ ಸಪ್ನಾ ಶಹಾಪುರದಿಂದ ಹೊರಡುವ ಆರೈಕೆ ತಂಡದ ನರ್ಸು. ವಾಸಿಯಾಗದ ರೋಗ ಇರುವವರ ಮನೆಗೇ ಜೀಪಿನಲ್ಲಿ ಬಂದು ನೋವು ಇಳಿಸುವ ಕೆಲಸ. ಮೊದಲ ಸಲ ಜೀಪಿನಿಂದ ಇಳಿದವಳನ್ನು ನೋಡಿ ದೇವಕಮ್ಮ, ಮಂಚದ ಮೇಲಿದ್ದವಳು, ಅಷ್ಟು ನೋವಿನಲ್ಲೂ ನಕ್ಕಿದ್ದಳು. "ನೋಡ್ರೆ, ನಮ್ಮ ಗದ್ದಿಯೊಳಗಿನ ಸಸಿ!"

ಡಾಕ್ಟರು ಬರೆದುಕೊಟ್ಟ ಮಾರ್ಫಿನ್ ಗುಳಿಗೆ ನಾಲ್ಕು ತಾಸಿಗೊಮ್ಮೆ ಹೊಟ್ಟೆಗೆ ಬೀಳತೊಡಗಿದ ಮೇಲೆ ಅವಳು ಗೋಡೆಗೆ ಒರಗಿ ಕೂತು ಬಂದವರ ಜೊತೆ ಜಗಳ ಆಡುವಷ್ಟು ಚೇತರಿಸಿದಳು. ಆಮೇಲೆ ಒಂದು ದಿನ ಸಪ್ನಾ ದಪ್ಪ ಫೈಲು ತೆರೆದು ಹೇಳಿದಳು: "ದೊಡ್ಡವ್ವ, ಇದನ್ನೆಲ್ಲ ಒಂದ ಹಾಳಿಗಿ ಇಳಸ್ಬೇಕು. ನಾ ಇಲ್ಲದಾಗ ಯಾರರ ಬಂದ್ರ, ಆಂಬುಲೆನ್ಸಿನವರ ಬಂದ್ರ, ಆ ಹಾಳಿ ನೋಡಿದ್ರ ಸಾಕು, ಎಲ್ಲಾ ತಿಳೀಬೇಕು."

"ನನ್ನ ಸಂಕಟ ಒಂದ ಹಾಳ್ಯಾಗ ಹಿಡಿಸ್ತೈತೇನ?"

"ಹಿಡಿಸೂ ಹಂಗ ಬರೀತೀನಿ. ನೋವಿಗೆ ಹತ್ತರೊಳಗ ಎಷ್ಟು ಅಂತಿ?"

"ದಿನಾ ನಾಟಿ ಮಾಡಿ ಸೊಂಟ ಎತ್ತೂದು ಎರಡು ಅಂತ ಹಿಡಿ. ಗುಳಿಗಿ ತಗೊಂಡಾಗ ಇದು ಅಷ್ಟ. ತಪ್ಪಿದ್ರ ಎಂಟು. ಸೊಂಟದಿಂದ ತೊಡಿಗುಂಟ ಕಾದ ಕಬ್ಬಿಣದ ಸಳಿ ಎಳದಂಗ."

ಸಪ್ನಾ ಫೈಲಿನಲ್ಲಿ ಗುರುತು ಹಾಕಿಕೊಂಡಳು. ರಾತ್ರಿ ಮಲಗುವಾಗ ಗುಳಿಗೆ ಎರಡು, ನಡುರಾತ್ರಿ ಎಬ್ಬಿಸುವುದು ಬೇಡವೆಂದು. ನಡುವೆ ನೋವು ತಲೆಯೆತ್ತಿದರೆ ಇನ್ನೊಂದು. ಮಾರ್ಫಿನ್ ಹೊಟ್ಟೆ ಕಟ್ಟಿಸುವುದರಿಂದ ದಿನವೂ ಮಲ ಸಡಿಲಿಸುವ ಗುಳಿಗೆ. ವಾಕರಿಕೆಗೊಂದು. ಕೆಳಗಿನ ಸ್ರಾವದ ನಾತಕ್ಕೊಂದು. ಆ ಮಾತು ಬಂದಾಗ ದೇವಕಮ್ಮ ದನಿ ತಗ್ಗಿಸಿದಳು. ಉಳಿದ ಯಾವುದಕ್ಕೂ ತಗ್ಗಿಸಲಿಲ್ಲ.

"ಈಗ ನನ್ನ ಮಾತು ಬರಿ. ನನಗ ಗರ್ಭದ ಬಾಯಿಗೆ ಕ್ಯಾನ್ಸರ್. ಕಲಬುರಗ್ಯಾಗ ಕರೆಂಟ್ ಕೊಟ್ರು, ಅದ ರೇಡಿಯೇಶನ್ ಅಂತಾರಲ್ಲ, ಆದ್ರೂ ಹಬ್ಬೈತಿ. ನನಗ ಎಲ್ಲಾ ಗೊತ್ತೈತಿ. ಅದಕ್ಕ ಏನಿದ್ರೂ ನನ್ನ ಎದುರಿಗೇ ಮಾತಾಡ್ರಿ. ಗುಳಿಗಿ ತಾಸು ತಪ್ಪಸಬ್ಯಾಡ್ರಿ. ಸಾಯೂದು ಈ ಮನ್ಯಾಗ, ಬಾಬಾಸಾಹೇಬರ ಫೋಟೊ ಕಾಣೂ ಈ ಮಂಚದ ಮ್ಯಾಲ. ಬುದ್ಧನ ತ್ರಿಸರಣ ಹೇಳ್ರಿ ಸಾಕು. ಮತ್ತ ದವಾಖಾನಿಗೆ ಹೊರಬ್ಯಾಡ್ರಿ."

ಸಪ್ನಾ ತಲೆಯಾಡಿಸಿ ಹೊರಗೆ ಕಟ್ಟೆಗೆ ಹೋದಳು. ಅಲ್ಲಿ ಮಗ ದೇವಿಂದ್ರ ಕಾಯುತ್ತಿದ್ದ. ಭೀಮರಾಯನಗುಡಿಯ ಆಫೀಸೊಂದರಲ್ಲಿ ಗುಮಾಸ್ತ. ಅವನ ದನಿ ಬಹಳ ಹೊತ್ತು ಕೇಳಿಸಿತು, ಮಾತು ತಿಳಿಯಲಿಲ್ಲ. ಒಮ್ಮೆ ಅತ್ತಂತೆ ಕೇಳಿಸಿತು. ಸಪ್ನಾ ಒಳಗೆ ಬಂದಾಗ ಕೈಯಲ್ಲಿ ಅಲ್ಲೇ ಬರೆದು ತಂದ ಒಂದು ಹಾಳೆ, ಶಾಯಿ ಡಬ್ಬಿ.

"ಎಲ್ಲಾ ಬರದೀನಿ ದೊಡ್ಡವ್ವ. ಹೆಬ್ಬಟ್ಟು ಒತ್ತು."

'ಓದು' ಎಂಬ ಮಾತು ದೇವಕಮ್ಮನ ನಾಲಿಗೆಯ ತುದಿಯವರೆಗೆ ಬಂತು. ಹುಡುಗಿಯ ಮುಖ ನೋಡಿದಳು. ಬೆಳ್ಳಗಿನ ಕೋಟು ನೋಡಿದಳು. ಅದನ್ನು ತಾನೇ ತೊಡಿಸಿದಂಥ ಹೆಮ್ಮೆ. "ನೀನ ಬರದ ಮ್ಯಾಲ ಮುಗೀತು" ಎಂದು ಒತ್ತಿದಳು. ಹಾಳೆಯನ್ನು ಗುಳಿಗೆಗಳ ಜೊತೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗೂಟಕ್ಕೆ ನೇತುಹಾಕಿದರು.

ಮರುದಿನದಿಂದಲೇ ನೋವು ಹಳೆಯ ದಾರಿ ಹಿಡಿದು ಬಂತು.

"ಭುವನೇಶ್ವರಿ, ಗುಳಿಗಿ ತಾಸಾತಲ್ಲ?"

ಸೊಸೆ ಒಲೆ ಬಿಟ್ಟು ಎದ್ದು ಬಂದು ಹಾಳೆ ನೋಡಿದಳು. ಅಕ್ಷರ ಬಲ್ಲವಳು, ಮನಸ್ಸಿನಲ್ಲಿ ಕೇಡಿಲ್ಲದವಳು. "ತಡಕೊಳ್ಳಾಕ ಆಗವಲ್ದೇನ್ರಿ ಅತ್ತಿ?"

ತಡೆದುಕೊಳ್ಳಲು ಆಗುವುದಿಲ್ಲ ಎಂಬ ಮಾತನ್ನು ದೇವಕಮ್ಮ ಜನ್ಮದಲ್ಲಿ ಆಡಿದವಳಲ್ಲ. ಹೊಟ್ಟೆಯಲ್ಲಿ ಮಗು ಹೊತ್ತು ಕೆಸರಿನಲ್ಲಿ ಬಗ್ಗಿದಾಗಲೂ ಆಡಿರಲಿಲ್ಲ. "ತಡಕೊಂಡೀನಿ" ಎಂದಳು.

"ಹಂಗಾರ ಇನ್ನಷ್ಟು ಹೊತ್ತು ನೋಡೂಣ್ರಿ" ಎಂದು ಸೊಸೆ ಒಲೆಗೆ ಮರಳಿದಳು.

ಜೀಪಿನ ಮುಂದಿನ ಸರದಿ ಬರುವ ಮುಂಚೆ ಹಾಗೇ ದಿನಗಳು ಹೋದವು. ಗೋಡೆಗೆ ಒರಗಿ ಕೂರುತ್ತಿದ್ದವಳು ಮಗ್ಗುಲಾದಳು, ಮಗ್ಗುಲಾದವಳು ಮುದುಡಿದಳು. ಗುಳಿಗೆಗೆ ಶಕ್ತಿ ಸಾಲದಾಗಿದೆ, ರೋಗವೇ ಗೆದ್ದಿತು ಅಂದುಕೊಂಡಳು. ಸಪ್ನಾಳ ಮೇಲೆ ಅನುಮಾನ ಬರಲಿಲ್ಲ. ತನ್ನ ನೆರಳಿನ ಮೇಲೆಯೇ ಯಾರಾದರೂ ಅನುಮಾನ ಪಡುತ್ತಾರೆಯೆ?

ಊರಿನ ಆಶಾ ಕಾರ್ಯಕರ್ತೆ ಜಹೀರುನ್ನೀಸಾ ನೋಡಲು ಬಂದವಳು ಮಂಚದ ಬಳಿ ನಿಂತು ಗಾಬರಿಯಾದಳು. "ಯಾ ಅಲ್ಲಾ, ದೇವಕ್ಕ! ಇದೇನ ಹಾಲತ್ತು? ಗುಳಿಗಿ ತಗೊಳ್ಳಾಕತ್ತಿಲ್ಲೇನ?"

"ಹಾಳ್ಯಾಗ ಇದ್ದಂಗ ಕೊಡಾಕತ್ತೀನ್ರಿ" ಎಂದಳು ಭುವನೇಶ್ವರಿ.

ಜಹೀರುನ್ನೀಸಾ ಚೀಲ ಇಳಿಸಿ ಹಾಳೆಯ ಮೇಲೆ ಕಣ್ಣಾಡಿಸಿದಳು. ಆಮೇಲೆ ಅದನ್ನು ನಿಧಾನವಾಗಿ ಮಡಿಸತೊಡಗಿದಳು. ಮಡಿಸುವ ಆ ಕೈ ನೋಡಿ ದೇವಕಮ್ಮನಿಗೆ ಹಳೆಯದೆಲ್ಲ ನೆನಪಾಯಿತು. ಸಾವ್ಕಾರನ ಕೆಮ್ಮು, ಒರೆಸಿದ ಕನ್ನಡಕ.

"ಜಹೀರಾ, ಓದು."

"ನಾಳಿ ಸಪ್ನಾ ಬರ್ತಾಳಲ್ಲ ಅಕ್ಕ..."

"ಮ್ಯಾಲಿಂದ ಕೆಳಗಿನತನಕ ಓದು."

ಓದಿದಳು. ರೋಗದ ಲಕ್ಷಣಗಳು ಸರಿಯಿದ್ದವು. ಎರಡು, ಎಂಟು ಎಂಬ ಅಂಕಿಯೂ ಇತ್ತು. "ಮಾರ್ಫಿನ್: ನೋವು ತಡೆಯಲು ಆಗದಿದ್ದಾಗ ಮಾತ್ರ, ಆದಷ್ಟು ಕಡಿಮೆ." ಅಲ್ಲಿಂದ ಜಹೀರುನ್ನೀಸಾಳ ನಾಲಿಗೆ ಎಡವತೊಡಗಿತು. "ಕುಟುಂಬದ ಇಚ್ಛೆ: ರೋಗಿಗೆ ರೋಗದ ವಿಷಯ ತಿಳಿಸಬಾರದು. ಸ್ಥಿತಿ ಕೆಟ್ಟರೆ ಕಲಬುರಗಿಯ ಆಸ್ಪತ್ರೆಗೆ ಸಾಗಿಸುವುದು. ನಿರ್ಧಾರ ಮಗನದು."

"ನನ್ನ ಮಾತು?"

"ಇಲ್ಲಕ್ಕ."

"ಹಿಂದ ನೋಡು."

ಜಹೀರುನ್ನೀಸಾ ಹಾಳೆ ತಿರುವಿ ತೋರಿಸಿದಳು. ಹಿಂದೆ ಖಾಲಿ.

ದೇವಕಮ್ಮ ತನ್ನ ಹೆಬ್ಬೆಟ್ಟು ನೋಡಿಕೊಂಡಳು. ಶಾಯಿ ಎಂದೋ ಅಳಿಸಿತ್ತು. ಬಡವರ ಬಾಯಿಂದ ಮಾತು ಕಿತ್ತುಕೊಳ್ಳಲು ಮೊದಲು ಪರ ಊರಿನವರು ಬರಬೇಕಾಗಿತ್ತು. ಈಗ ನಮ್ಮ ಮಕ್ಕಳೇ ಅಕ್ಷರ ಕಲಿತು ಬಂದಿದ್ದಾರೆ, ಹೊರಗಿನವರ ಹಂಗಿಲ್ಲ. ಕಣ್ಣೀರು ಬರಲಿಲ್ಲ. ಬಂದದ್ದು ಗದ್ದೆಯ ಬದುವಿನ ಹಳೆಯ ಹಟ. "ನಾಳಿ ನಾಟಿ ಹೆಂಗಸರನ್ನೆಲ್ಲ ಕರಿ" ಎಂದಳು.

ಮರುದಿನ ಜೀಪು ನಿಂತಾಗ ಒಳಗೆ ಕಾಲಿಡಲು ಜಾಗವಿರಲಿಲ್ಲ. ಹೆಂಗಸರು ಮಂಚದ ಸುತ್ತ, ಬಾಗಿಲಲ್ಲಿ, ಒಲೆಯ ಪಕ್ಕ ಕೂತಿದ್ದರು. ದೇವಿಂದ್ರ ರಜೆ ಹಾಕಿ ಗೋಡೆಗೆ ಒರಗಿ ನಿಂತಿದ್ದ. ಸಪ್ನಾ ನಗುತ್ತ ಬಂದವಳು ಮಂಚದ ಮೇಲೆ ಬಿಚ್ಚಿಟ್ಟ ಹಾಳೆ ನೋಡಿ ನಿಂತಳು.

"ಓದಬೇ" ಎಂದಳು ದೇವಕಮ್ಮ. "ಎಲ್ಲಾರಿಗೂ ಕೇಳೂ ಹಂಗ."

ಸಪ್ನಾ ಓದಿದಳು. 'ಆದಷ್ಟು ಕಡಿಮೆ' ಎಂಬಲ್ಲಿ ದನಿ ನಿಂತೇ ಹೋಯಿತು.

"ದೇವಿಂದ್ರಣ್ಣ ಕಟ್ಟಿ ಮ್ಯಾಲ ಅತ್ತಬಿಟ್ಟ ದೊಡ್ಡವ್ವ. ನನಗ... ಹಾಳಿನೂ ಒಂದ. ಎಲ್ಲಾರ ಮಾತೂ ಹಿಡಿಸಂಗಿಲ್ಲ."

"ಅವಂದು ಹಿಡಿಸ್ತು. ನಂದು ಎಷ್ಟು ಮಾರು ಉದ್ದ ಇತ್ತು?"

ದೇವಿಂದ್ರ ಬಾಯಿ ಹಾಕಿದ. "ಯವ್ವಾ, ಅದು ನಶೆದ ಗುಳಿಗಿ. ನಿದ್ದಿಗಣ್ಣಾಗ ಇರ್ತಿದ್ದಿ. ಸುರಪುರದಾಗ ಒಬ್ಬ ಅದನ್ನ ತಗೊಂಡ ಸತ್ತಾನಂತ. ನಾಳಿ ಮಂದಿ ಏನಂತಾರ? ಹಡದವ್ವನ್ನ ಮನ್ಯಾಗ ಕೆಡವಿ ಕೊಂದ ಅಂತಾರ."

"ಅಂದ್ರ ನಾ ಸಾಯೂದು ನಿನ್ನ ಮರ್ಯಾದಿಗೇನಪ್ಪಾ?" ಹೆಂಗಸರಲ್ಲಿ ಒಬ್ಬಳು ಬಿಕ್ಕಿದಳು. "ಸುಮ್ನಿರ" ಎಂದು ಅವಳನ್ನು ಗದರಿ ದೇವಕಮ್ಮ ಮಗನ ಕಡೆ ತಿರುಗಿದಳು. "ನಿನ್ನ ಮ್ಯಾಲ ಸಿಟ್ಟಿಲ್ಲ ದೇವಿಂದ್ರ. ನೀ ಅಂಜಿದಿ. ಅಂಜೂದು ಮಗನ ಹಕ್ಕು. ಆದ್ರ ಈಕಿಗೆ ನಾ ಎದಿ ಬಿಚ್ಚಿ ಹೇಳಿದ್ದೆ."

ಸಪ್ನಾ ಡಾಕ್ಟರಿಗೆ ಫೋನು ಹಚ್ಚಿ ಸ್ಪೀಕರ್ ಒತ್ತಿದಳು. ಕೇಳಿದ್ದಕ್ಕೆ ಅತ್ತ ಕಡೆಯ ದನಿ ಹೇಳಿತು: "ಗುಳಿಗೆ ನಾನು ಬರೆದ ಹಾಗೇ, ನಾಲ್ಕು ತಾಸಿಗೊಮ್ಮೆ. ನೋವು ಬರುವ ತನಕ ಕಾಯುವುದಲ್ಲ, ಬರದ ಹಾಗೆ ನೋಡಿಕೊಳ್ಳುವುದು. ಮೊದಲ ದಿನಗಳ ಮಂಪರು ತಾನೇ ಇಳಿಯುತ್ತದೆ. ಬೇಕಾದಾಗ ಮಾತ್ರ ಎಂದು ಬರೆದವರು ಯಾರು?"

"ನಾನ್ರಿ ಸರ್."

"ನೀನು ತಂದುಕೊಟ್ಟ ಅದರ ಪ್ರತಿಗೆ ನಾನೂ ಓದದೆ ಸಹಿ ಹಾಕಿದ್ದೇನೆ" ಎಂದರು ಡಾಕ್ಟರು.

ಹೊಸ ಹಾಳೆ ಬಂತು. ಮೇಲ್ಗಡೆಯೇ ದೇವಕಮ್ಮನ ಮಾತು, ಅವಳ ನುಡಿಯಲ್ಲೇ. ಅದರ ಕೆಳಗೆ ಲಕ್ಷಣಗಳು, ಗುಳಿಗೆಗಳು, ತಾಸುಗಳು. ಮನೆಯವರದು ಕೊನೆಗೆ: 'ಮಗನಿಗೆ ಮಾರ್ಫಿನ್ ಬಗ್ಗೆ ಭಯವಿದೆ, ಪ್ರತಿ ಭೇಟಿಯಲ್ಲೂ ಮಾತಾಡಬೇಕು. ಸ್ಥಿತಿ ಕೆಟ್ಟರೆ ಮೊದಲು ತಂಡಕ್ಕೆ ಫೋನು. ಮನೆಯಲ್ಲೇ ಆರೈಕೆ.' ಬರೆದು ಮುಗಿದಾಗ ಹಾಳೆಯ ಬುಡದಲ್ಲಿ ನಾಲ್ಕು ಬೆರಳಗಲ ಬಿಳುಪು ಉಳಿದಿತ್ತು.

ದೇವಕಮ್ಮ ಆ ಬಿಳುಪಿನ ಮೇಲೆ ಬೆರಳಿಟ್ಟಳು. ಸಪ್ನಾ ಅತ್ತಿತ್ತ ನೋಡಿ, ಓದಲು ಹಾಳೆ ಎತ್ತಿಕೊಂಡಳು.

"ನೀ ಬ್ಯಾಡ. ಜಹೀರಾ ಓದ್ಲಿ."

ಜಹೀರುನ್ನೀಸಾ ಓದಿದಳು, ಎಲ್ಲೂ ಎಡವದೆ. ದೇವಕಮ್ಮ ಒತ್ತಿದಳು. ಭುವನೇಶ್ವರಿ ನೀರು ತಂದು ಗುಳಿಗೆ ಕೊಟ್ಟಳು. ದೇವಿಂದ್ರ ತಾಯಿಯ ತಲೆ ಎತ್ತಿ ಹಿಡಿದ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಸಳಿಯ ಕಾವು ತಣಿಯತೊಡಗಿ ಅವಳ ಕಾಲು ಮಂಚದುದ್ದ ಚಾಚಿತು.

ಹೊರಡುವ ಮುಂಚೆ ಸಪ್ನಾ ಮಂಚದ ಬಳಿ ಮಂಡಿಯೂರಿದಳು. "ದೊಡ್ಡವ್ವ, ಬರ್ತೀನಿ."

ಇಷ್ಟು ದಿನ ಈ ಮಾತಿಗೆ, 'ಹುಷಾರಿಲೆ ಹೋಗ ನನ ಮಗಳ, ಜೀಪಿನವಗ ನಿಧಾನ ಹೊಡಿ ಅಂತ ಹೇಳು' ಎಂದು ಬೈಯುವಂತೆ ಹೇಳಿ ಕೆನ್ನೆ ಹಿಂಡುತ್ತಿದ್ದಳು ದೇವಕಮ್ಮ.

ಇವತ್ತು ಎರಡೂ ಕೈ ಜೋಡಿಸಿದಳು, ಆಫೀಸಿನ ಮಂದಿಗೆ ಜೋಡಿಸುವ ಹಾಗೆ.

"ಹೋಗಿ ಬರ್ರಿ, ನರ್ಸಮ್ಮಾರ."