ಮಾವನ ಚಪಾತಿಯ ಲೆಕ್ಕ

ಮಾವನ ಹೊಟ್ಟೆಯ ಆಪರೇಷನ್ ಮುಗಿದು ಮನೆಗೆ ಬಂದಾಗ ಡಾಕ್ಟರು ಹೇಳಿದ್ದು ಒಂದೇ ಮಾತು: ಗಾಯ ಮಾಯಬೇಕಾದರೆ ಪ್ರೋಟೀನ್ ಹೆಚ್ಚಬೇಕು. ಮಾವನೋ, ಆಯುಸ್ಸೆಲ್ಲ ಬಸ್ಸು ಓಡಿಸಿದ ಮನುಷ್ಯ. ಮೊಟ್ಟೆ ಕಂಡರೆ ಮುಖ ತಿರುಗಿಸುವವರು, ಬೇಳೆಯನ್ನು ತಟ್ಟೆಯ ಅಂಚಿಗೆ ತಳ್ಳುವವರು. ಅವರ ಬಾಯಿಗೆ ಹಿಡಿಸುತ್ತಿದ್ದುದು ಚಪಾತಿ ಮಾತ್ರ, ರಾತ್ರಿಗೆ ನಾಲ್ಕು.

ಸೊಸೆ ಯೋಚಿಸಿದಳು. ಒಂದು ಚಪಾತಿಗೆ ಮೂವತ್ತು ಗ್ರಾಂ ಗೋಧಿ ಹಿಟ್ಟು, ಅದರಲ್ಲಿ ಪ್ರೋಟೀನ್ ಮೂರೂವರೆ ಗ್ರಾಂ. ಎಣ್ಣೆ ತೆಗೆದ ಸೋಯಾ ಹಿಟ್ಟಿನಲ್ಲಾದರೆ ಹೆಚ್ಚುಕಡಿಮೆ ಅರ್ಧ ಭಾಗವೇ ಪ್ರೋಟೀನ್. ಅರ್ಧಕ್ಕರ್ಧ ಬೆರೆಸಿದರೆ ಚಪಾತಿಗೆ ಒಂಬತ್ತು ಗ್ರಾಂ! ಅವಳು ಹಿಗ್ಗಿ ಹೀರೇಕಾಯಿಯಾಗಿ ಹಿಟ್ಟು ಕಲಸಲು ಕೂತಳು.

ಹಿಟ್ಟು ನೀರನ್ನು ಕುಡಿದೇ ಕುಡಿಯಿತು. ಲಟ್ಟಿಸಿದರೆ ಅಂಚೆಲ್ಲ ಬಿರುಕು. ಕಾವಲಿಯ ಮೇಲೆ ಉಬ್ಬುವ ಮೊದಲೇ ಕಪ್ಪಗಾಯಿತು. ಹಸಿ ಕಾಳಿನ ವಾಸನೆ ಬೇರೆ.

ಮಾವ ತುಂಡು ಮುರಿದು ದೀಪಕ್ಕೆ ಹಿಡಿದು ನೋಡಿದರು. "ಏನಮ್ಮಾ, ಇದು ಚಪಾತಿನೋ, ಬಸ್ಸಿನ ಬ್ರೇಕ್ ಲೈನರೋ?"

"ಪ್ರೋಟೀನ್ ಜಾಸ್ತಿ ಇದೆ ಮಾವ. ತಿನ್ನಿ."

ಒಂದನ್ನು ಹೇಗೋ ನುಂಗಿ ಕೈ ತೊಳೆದರು. ಮರುದಿನವೂ ಒಂದೇ. ಸೊಸೆ ಅತ್ತೆಯ ಮುಂದೆ ಬೀಗಿದಳು: "ಒಂದೊಂದರಲ್ಲೂ ಒಂಬತ್ತು ಗ್ರಾಂ, ಅತ್ತೆ."

"ಹೌದಮ್ಮ. ಆದ್ರೆ ಹಸಿವಲ್ಲೇ ಮಲಗ್ತಾರೆ," ಅಂದರು ಅತ್ತೆ.

ಸೊಸೆ ಉಳಿದ ಚಪಾತಿ ಜಗಿಯುತ್ತಾ ಮತ್ತೆ ಲೆಕ್ಕ ಹಾಕಿದಳು. ಮೊದಲು ನಾಲ್ಕು ತಿಂದಾಗ ಹದಿನಾಲ್ಕು ಗ್ರಾಂ, ಈಗ ಒಂಬತ್ತು. ಗಂಟಲಿಗೆ ಸಿಕ್ಕಿಕೊಂಡದ್ದು ಚಪಾತಿಯೋ ಲೆಕ್ಕವೋ ಅವಳಿಗೇ ತಿಳಿಯಲಿಲ್ಲ. ಗಾಯಕ್ಕೆ ಬೇಕಾದ್ದು ಚಪಾತಿಯ ಪ್ರೋಟೀನಲ್ಲ, ಮಾವನ ಹೊಟ್ಟೆ ಸೇರುವ ಪ್ರೋಟೀನು.

ಈ ಸಲ ಅವಳು ಆಸೆ ಕಡಿಮೆ ಮಾಡಿಕೊಂಡಳು. ಮೂರು ಪಾಲು ಗೋಧಿಗೆ ಒಂದು ಪಾಲು ಕಡಲೆ ಹಿಟ್ಟು. ಕೈಗೆ ಅಂಟದಂತೆ ಒಂದು ಚಮಚ ಎಣ್ಣೆ ಸವರಿ, ಮುಚ್ಚಿಟ್ಟು, ಸ್ವಲ್ಪ ಹೊತ್ತು ಬಿಟ್ಟು ಲಟ್ಟಿಸಿದಳು. ಚಪಾತಿ ಹೊಂಬಣ್ಣಕ್ಕೆ ತಿರುಗಿ ಮೆತ್ತಗೆ ಉಬ್ಬಿತು. ಒಂದಕ್ಕೆ ನಾಲ್ಕು ಗ್ರಾಂ ಚಿಲ್ಲರೆ, ಅಷ್ಟೇ. ಆದರೆ ಮಾವ ನಾಲ್ಕನ್ನೂ ಮುಗಿಸಿದರು. ಹದಿನೇಳು ಗ್ರಾಂ! ಸೊಸೆ ಮನಸ್ಸಿನಲ್ಲೇ ಕುಣಿದಳು.

"ಗೋಧಿ ಬದಲಾಯಿಸಿದ್ಯಾ? ರುಚಿಯಾಗಿದೆ. ಇನ್ನೊಂದು ಹಾಕು."

ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ. "ಗೋಧಿ ಅದೇ ಮಾವ. ಕಡಲೆ ಹಿಟ್ಟು ಬೆರೆಸಿದೀನಿ."

ತಟ್ಟೆ ಚಾಚಿದ್ದ ಮಾವನ ಕೈ ಅರ್ಧದಲ್ಲೇ ನಿಂತಿತು. "ಕಡಲೆ ನನಗೆ ಆಗಲ್ಲ ಅಂತ ಗೊತ್ತಿಲ್ವಾ? ಹೊಟ್ಟೆಯೆಲ್ಲ ವಾಯು."

"ನಾಲ್ಕು ತಿಂದಾಗಿದೆಯಲ್ಲ."

ಅವರು ಹೊಟ್ಟೆ ಸವರಿಕೊಂಡು ಸ್ವಲ್ಪ ಹೊತ್ತು ಕಾದರು. ಏನೂ ಆಗಲಿಲ್ಲ. "ಬರೋ ವಾಯು ನಾಲ್ಕಕ್ಕೂ ಬರತ್ತೆ, ಐದಕ್ಕೂ ಬರತ್ತೆ. ಹಾಕು."

ಅತ್ತೆ ಡಬ್ಬಿಯ ಮುಚ್ಚಳ ತೆಗೆದು ನೋಡಿದರು. ಅದರಲ್ಲಿದ್ದದ್ದು ಅವರ ಪಾಲಿನ ಕೊನೆಯ ಚಪಾತಿ. ಅದನ್ನು ಗಂಡನ ತಟ್ಟೆಗೆ ಹಾಕಿ, ತಾವು ಬ್ರೆಡ್ಡು ಹುಡುಕಲು ಹೋದರು.