ಗೆರೆಯ ಮೇಲಿನ ಚುಕ್ಕೆ

ನಾದಿನಿಯ ಪ್ರೋಗ್ರಾಮಿನಲ್ಲಿ ತಪ್ಪು ಕಂಡಾಗ ಅವನಿಗೆ ಆದದ್ದು ಸಂತೋಷ. ಸುತ್ತಿ ಬಳಸಿ ಹೇಳುವುದೇಕೆ, ಅವನ ಹೊಟ್ಟೆ ತಣ್ಣಗಾಯಿತು.

ಆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಯಂತ್ರಕ್ಕೆ ಹನ್ನೊಂದು ವರ್ಷಗಳಿಂದ ಪ್ರೋಗ್ರಾಮ್ ಬರೆಯುತ್ತಿದ್ದವನು ಅವನೊಬ್ಬನೇ. ಹೆಂಡತಿಯ ಕಾಟ ತಾಳಲಾರದೆ ಅವಳ ತಂಗಿಯನ್ನು ಮೂರು ತಿಂಗಳ ಮಟ್ಟಿಗೆ ಸೇರಿಸಿದ್ದ. ಕೆಲಸ ಮೆಚ್ಚಿದರೆ ಕಾಯಂ, ಇಲ್ಲದಿದ್ದರೆ ಮನೆಗೆ. ಹುಡುಗಿ ಗಣಿತ ಓದಿದವಳು. ಬಂದ ಎರಡನೇ ವಾರವೇ ಅವನ ನೂರಿಪ್ಪತ್ತು ಸಾಲನ್ನು ನಾಲ್ಕು ಸಾಲಿಗೆ ಇಳಿಸುತ್ತೇನೆ ಎಂದಳು. "ಇಷ್ಟು ವರ್ಷ ನೀನೇನಯ್ಯಾ ಮಾಡ್ತಿದ್ದೆ?" ಎಂದು ಮಾಲೀಕರು ಎಲ್ಲರೆದುರು ನಕ್ಕರು. ಆ ನಗು ಅವನ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು.

ಕೆಲಸ ಇಷ್ಟೇ. ಕೋಟಿನ ಬಲಭಾಗದ ನಕ್ಷೆ ಕೊಟ್ಟರೆ ಎಡಭಾಗವನ್ನು ಯಂತ್ರವೇ ಪ್ರತಿಬಿಂಬವಾಗಿ ಮಾಡಿಕೊಳ್ಳಬೇಕು. ಬಟ್ಟೆಯ ಉದ್ದನೆಯ ಎಳೆಯ ದಿಕ್ಕಿನಲ್ಲಿ ಮೂಲಬಿಂದುವಿನ ಮೂಲಕ ಒಂದು ಗೆರೆ. ನಕ್ಷೆಯ ಯಾವ ಚುಕ್ಕೆಯಿಂದಾದರೂ ಆ ಗೆರೆಗೆ ನೇರ ಲಂಬ ಎಳೆದರೆ ಅದು ಗೆರೆ ಮುಟ್ಟುವ ಜಾಗವನ್ನು ಕೊಡುವ ಅಂಕಿಗಳ ಚೌಕವೇ ಪ್ರೊಜೆಕ್ಷನ್ ಮ್ಯಾಟ್ರಿಕ್ಸ್ P. ಅಲ್ಲಿಂದ ಅಷ್ಟೇ ದೂರ ಆಚೆ ಹೋದರೆ ಪ್ರತಿಬಿಂಬ. ಲೆಕ್ಕದಲ್ಲಿ ಬರೆದರೆ 2P − I. I ಅಂದರೆ ಯಾವುದನ್ನೂ ಕದಲಿಸದ ಐಡೆಂಟಿಟಿ ಮ್ಯಾಟ್ರಿಕ್ಸ್.

ಹುಡುಗಿ ಬರೆದದ್ದು I − 2P. ಪುಸ್ತಕಗಳಲ್ಲಿ ಆ ಸೂತ್ರವೂ ಇರುತ್ತದೆ. ಆದರೆ ಅಲ್ಲಿ P ಗೆರೆಯ ಮೇಲಿನದಲ್ಲ, ಗೆರೆಗೆ ಲಂಬವಾದ ದಿಕ್ಕಿನದು. ಎರಡನ್ನೂ ಬೆರೆಸಿಬಿಟ್ಟಿದ್ದಳು.

"ಭಾವ, ಒಂದ್ಸಲ ನೋಡ್ತೀರಾ? ಎರಡು ಸಲ ಹಾಕಿದ್ರೆ ಮೊದಲಿನ ಜಾಗಕ್ಕೇ ಬರುತ್ತೆ. ಡಿಟರ್ಮಿನೆಂಟೂ ಮೈನಸ್ ಒಂದೇ. ಸರಿ ಇದೆ ಅಲ್ವಾ?"

ಡಿಟರ್ಮಿನೆಂಟು ಮೈನಸ್ ಒಂದು ಅಂದರೆ ಎಡಬಲ ಅದಲುಬದಲಾಗಿದೆ ಎಂದಷ್ಟೇ ಅರ್ಥ. ಆ ಎರಡು ಪರೀಕ್ಷೆಗಳನ್ನು ತಪ್ಪು ಮ್ಯಾಟ್ರಿಕ್ಸೂ ಪಾಸು ಮಾಡುತ್ತದೆ. ಅವನು ಚೀಟಿಯ ಮೇಲೆ ಮೂರನೆಯದನ್ನು ಮಾಡಿ ನೋಡಿದ್ದ. ಗೆರೆ (3, 4)ರ ದಿಕ್ಕಿನಲ್ಲಿದ್ದರೆ (3, 4) ಇದ್ದಲ್ಲೇ ಇರಬೇಕು. ಅವಳ ಲೆಕ್ಕದಲ್ಲಿ ಅದು (−3, −4)ಕ್ಕೆ ಹಾರಿತು. ಅಂದರೆ ಎಡಭಾಗ ಎಡಭಾಗವೇ, ಆಕಾರದಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ, ಬಟ್ಟೆಯ ಮೇಲೆ ಮಾತ್ರ ತಲೆಕೆಳಗು.

ಸಾದಾ ಹತ್ತಿಬಟ್ಟೆಗೆ ತಲೆಯೂ ಒಂದೇ, ಕಾಲೂ ಒಂದೇ. ಪರೀಕ್ಷೆಗೆ ಹೊಲಿದ ಮಾದರಿ ಕೋಟು ಹತ್ತಿಯದು, ಅದರಲ್ಲಿ ತಪ್ಪು ಕಾಣುವಂತಿರಲಿಲ್ಲ. ಆದರೆ ಬಂದಿದ್ದ ಆರ್ಡರು ವೆಲ್ವೆಟ್ಟಿನದು, ನಾನೂರು ಮದುವೆ ಕೋಟು. ವೆಲ್ವೆಟ್ಟಿನ ರೋಮ ಒಂದೇ ಕಡೆಗೆ ಮಲಗಿರುತ್ತದೆ. ತಿರುಗಿಸಿ ಹೊಲಿದರೆ ಬಣ್ಣವೇ ಬೇರೆಯಾಗಿ ಕಾಣುತ್ತದೆ. ಅವನಿಗೆ ಇದೆಲ್ಲ ಅಂಗೈ ಮೇಲಿನ ನೆಲ್ಲಿಕಾಯಿ. ಚೀಟಿಯನ್ನು ಮಡಚಿ ಜೇಬಿಗಿಳಿಸಿದ.

"ಚೆನ್ನಾಗಿದೆ ಕಣಮ್ಮ. ನಡೆಸು," ಎಂದ.

ನಾಲ್ಕನೇ ದಿನ ಕಟಿಂಗ್ ಮಾಸ್ಟರ್ ಹೊಲಿದ ಕೋಟೊಂದನ್ನು ದೀಪದ ಕೆಳಗೆ ಹಿಡಿದು, "ಇದೇನಿದು, ಅರ್ಧ ಮದುಮಗ ಅರ್ಧ ದೆವ್ವ?" ಎಂದರು. ಎಡಗಡೆ ಕಪ್ಪಗೆ, ಬಲಗಡೆ ಹೊಳಪು. ಅಷ್ಟರಲ್ಲಿ ನಾನೂರೂ ಕತ್ತರಿಸಿಯಾಗಿತ್ತು. ಮಾಲೀಕರು ಬಂದರು. ಹೊಲಿಗೆಯವರೆಲ್ಲ ಯಂತ್ರ ನಿಲ್ಲಿಸಿ ಕತ್ತು ಚಾಚಿದರು.

"ಇದನ್ನ ಯಾರು ಚೆಕ್ ಮಾಡಿದ್ದು?"

ಹುಡುಗಿ ಭಾವನ ಮುಖ ನೋಡಿದಳು. ಹೇಳಿದರೆ ಅವನ ಕೆಲಸಕ್ಕೂ ಕುತ್ತು. ಮನೆಯಲ್ಲಿ ಅಕ್ಕನಿಗೆ ಏಳು ತಿಂಗಳು.

"ಯಾರೂ ಇಲ್ಲ ಸಾರ್. ನಾನು ಭಾವನಿಗೆ ತೋರಿಸಲೇ ಇಲ್ಲ."

ಅಲ್ಲಿಗೆ ಅವನು ಸುಮ್ಮನಿರಬಹುದಿತ್ತು. ಎಂಥ ನೀಚನಿಗೂ ಅಷ್ಟು ಸಾಕಿತ್ತು. ಇವನಿಗೆ ಸಾಲಲಿಲ್ಲ.

"ತೋರಿಸಿದ್ರೆ ಒಂದು ನಿಮಿಷದಲ್ಲಿ ಹಿಡೀತಿದ್ದೆ ಸಾರ್," ಎಂದು ಪೆನ್ನು ತೆಗೆದುಕೊಂಡು ಬೋರ್ಡಿನ ಮೇಲೆ ಬರೆದ. ಮೂರು, ನಾಲ್ಕು. ಮೈನಸ್ ಮೂರು, ಮೈನಸ್ ನಾಲ್ಕು. ನಡುವೆ ಗುಣಾಕಾರ ಮಾಡಲೂ ನಿಲ್ಲಲಿಲ್ಲ, ಉತ್ತರ ಬಾಯಿಪಾಠವಿತ್ತು. ಹುಡುಗಿಯ ಕಣ್ಣು ಬೋರ್ಡಿನಿಂದ ಅವನ ಮೇಲೆ ಬಂದು ನಿಂತಿತು. ಅವಳಿಗೆ ಎಲ್ಲವೂ ತಿಳಿಯಿತು. ಅವಳಿಗೆ ತಿಳಿಯಿತೆಂದು ಅವನಿಗೂ ತಿಳಿಯಿತು.

"ಕೇಳಿದ್ಯಾ?" ಎಂದರು ಮಾಲೀಕರು. "ಅನುಭವ ಅಂದ್ರೆ ಇದು. ಪಕ್ಕದಲ್ಲೇ ಇಂಥವರಿದ್ದೂ ಕೇಳ್ಬೇಕು ಅನ್ನಿಸ್ಲಿಲ್ವಲ್ಲ ನಿನಗೆ. ನಾಳೆಯಿಂದ ಬರ್ಬೇಡ."

ಅಕ್ಕನ ಮನೆ ಬಿಟ್ಟರೆ ಅವಳಿಗೆ ಹೋಗಲು ಬೇರೆ ಮನೆಯಿರಲಿಲ್ಲ. ಸಂಜೆ ಅಕ್ಕನಿಗೆ ಬಗ್ಗಲಾಗದ್ದರಿಂದ ಅವಳೇ ಭಾವನಿಗೆ ಬಡಿಸಿದಳು. ಅಕ್ಕ ಗೋಡೆಗೊರಗಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಅವಳನ್ನ ಉಳಿಸೋಕೆ ನಿಮ್ಮಿಂದ ಏನೂ ಆಗ್ಲಿಲ್ವೇನ್ರೀ?"

"ಎಷ್ಟು ಹೇಳ್ದೆ, ಯಾರು ಕೇಳ್ತಾರೆ? ಬೇಕಾದ್ರೆ ಅವಳನ್ನೇ ಕೇಳು," ಎಂದ ಅವನು, ತಟ್ಟೆಯಿಂದ ತಲೆ ಎತ್ತದೆ.

"ಹೌದಕ್ಕಾ," ಎಂದಳು ಹುಡುಗಿ. "ಭಾವ ತುಂಬಾ ಹೇಳಿದ್ರು."

ಅವನು ಇನ್ನೊಂದಿಷ್ಟು ಅನ್ನ ಹಾಕಿಸಿಕೊಂಡ.